77 ಮತ್ತು 22: ಸ್ಕೂಟರ್ ಕೊಳ್ಳುವವರು ಬಿಡಿಸಬೇಕಾದ ಒಗಟು

2024ರ ನವೆಂಬರ್ 27ರಂದು ಹೋಂಡಾ ಕಂಪನಿ ಭಾರತದ ಮಾರುಕಟ್ಟೆಗೆಂದು ಎರಡು ಎಲೆಕ್ಟ್ರಿಕ್ ಸ್ಕೂಟರ್‌ಗಳನ್ನು ಒಟ್ಟಿಗೆ ತೋರಿಸಿತು. ಒಂದು ಆ್ಯಕ್ಟಿವಾ ಇ, ಇನ್ನೊಂದು ಕ್ಯೂಸಿ1. ಮೊದಲನೆಯದು ದೊಡ್ಡಣ್ಣ: ಗಂಟೆಗೆ 80 ಕಿ.ಮೀ. ವೇಗ, 6 ಕಿಲೋವ್ಯಾಟ್ ಗರಿಷ್ಠ ಶಕ್ತಿ. ಎರಡನೆಯದು ಊರೊಳಗಿನ ಓಡಾಟಕ್ಕೆಂದು ಮಾಡಿದ ಚಿಕ್ಕ ಗಾಡಿ: 50 ಕಿ.ಮೀ. ವೇಗ, 1.8 ಕಿಲೋವ್ಯಾಟ್ ಶಕ್ತಿ. ಆದರೆ ಮಾಹಿತಿ ಪತ್ರದ 'ಟಾರ್ಕ್' ಸಾಲಿಗೆ ಬಂದಾಗ ಕಣ್ಣುಜ್ಜಿಕೊಳ್ಳಬೇಕಾಗುತ್ತದೆ. ದೊಡ್ಡ ಗಾಡಿಯ ಟಾರ್ಕ್ 22 ನ್ಯೂಟನ್ ಮೀಟರ್, ಚಿಕ್ಕದರದ್ದು 77!

ಶೋರೂಮಿನಲ್ಲಿ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು, ದಿಬ್ಬ ಹತ್ತಲು ಚಿಕ್ಕದೇ ವಾಸಿ ಎಂದುಕೊಂಡರೆ ಅದು ಅವರ ತಪ್ಪಲ್ಲ. ಎರಡು ಬೇರೆ ಜಾಗಗಳಲ್ಲಿ ಅಳೆದ ಅಂಕಿಗಳನ್ನು ಒಂದೇ ಹೆಸರಿನಲ್ಲಿ ಮುದ್ರಿಸಿದ್ದರಿಂದ ಹುಟ್ಟಿದ ಗೊಂದಲ ಇದು. ಇದನ್ನು ಬಿಡಿಸಿಕೊಂಡರೆ ಹಬ್ ಮೋಟಾರಿಗೂ ಮಿಡ್-ಡ್ರೈವ್ ಮೋಟಾರಿಗೂ ಇರುವ ವ್ಯತ್ಯಾಸ ಮುಕ್ಕಾಲು ಪಾಲು ಅರ್ಥವಾದಂತೆ.

ಟಾರ್ಕ್ ಎಂದರೆ ತಿರುಚುವ ಬಲ. ಬಾವಿಯ ರಾಟೆಯನ್ನೋ ಬಿಗಿಯಾದ ನಟ್ಟನ್ನೋ ತಿರುಗಿಸುವಾಗ ಕೈ ಹಾಕುವ ಬಲವೇ ಅದು. ಕ್ಯೂಸಿ1ರಲ್ಲಿ ಮೋಟಾರ್ ಇರುವುದು ಹಿಂದಿನ ಚಕ್ರದ ಹೊಟ್ಟೆಯೊಳಗೆ. ಅಚ್ಚಿಗೆ ತಾಮ್ರದ ಸುರುಳಿಗಳು ಅಂಟಿ ಅಲುಗದೆ ನಿಂತಿರುತ್ತವೆ. ಅವುಗಳ ಸುತ್ತ ಆಯಸ್ಕಾಂತಗಳನ್ನು ಹೊತ್ತ ಡ್ರಮ್ ತಿರುಗುತ್ತದೆ, ಆ ಡ್ರಮ್ಮೇ ಚಕ್ರ. ಮೋಟಾರ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ನಡುವೆ ಗೇರಿಲ್ಲ, ಬೆಲ್ಟಿಲ್ಲ, ಚೈನಿಲ್ಲ. ಆದ್ದರಿಂದ ಮೋಟಾರಿನ 77 ಎಂದರೆ ಚಕ್ರಕ್ಕೆ ಸಿಗುವುದೂ 77, ಅಷ್ಟಕ್ಕೇ ಮುಗಿಯಿತು.

ಆ್ಯಕ್ಟಿವಾ ಇ ಮೋಟಾರ್ ಚಕ್ರದ ಒಳಗಿಲ್ಲ, ಪಕ್ಕದಲ್ಲಿದೆ. ಚಕ್ರಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗುವ ಈ ಮೋಟಾರ್ ಹಲ್ಲುಗಾಲಿಗಳ ಮೂಲಕ ವೇಗವನ್ನು ಇಳಿಸಿ ಬಲವನ್ನು ಏರಿಸಿಕೊಳ್ಳುತ್ತದೆ. ಇಂಥ ಸ್ಕೂಟರ್‌ಗಳಲ್ಲಿ ಏಳೆಂಟು ಪಟ್ಟು ಕಡಿತ ಸಾಮಾನ್ಯ. ಏಳು ಎಂದೇ ಇಟ್ಟುಕೊಂಡರೂ 22 ಏಳರಿಂದ ಗುಣಿಸಿಕೊಂಡು ಚಕ್ರದಲ್ಲಿ 150ರ ಆಸುಪಾಸಾಗುತ್ತದೆ. ಬೆಂಗಳೂರಿನ ಏಥರ್ 450ಎಕ್ಸ್‌ನ 26 ನ್ಯೂಟನ್ ಮೀಟರ್ ಕೂಡ ಹೀಗೆಯೇ ಬೆಲ್ಟ್ ದಾಟಿ ಚಕ್ರ ಸೇರುವಷ್ಟರಲ್ಲಿ ಹಿಗ್ಗುವ ಅಂಕಿ. ಮೋಟಾರನ್ನು ಚಾಸಿಯ ನಡುಭಾಗದಲ್ಲಿ ಕೂರಿಸಿ ಬೆಲ್ಟ್ ಅಥವಾ ಚೈನಿನಿಂದ ಚಕ್ರ ತಿರುಗಿಸುವ ಇಂಥ ಜೋಡಣೆಗೇ ಮಿಡ್-ಡ್ರೈವ್ ಎಂದು ಹೆಸರು. ಆ್ಯಕ್ಟಿವಾ ಇ ಕಟ್ಟುನಿಟ್ಟಾಗಿ ಆ ಹೆಸರಿಗೆ ಸೇರದಿದ್ದರೂ ಬಲದ ಲೆಕ್ಕದಲ್ಲಿ ಅದೇ ಪಂಗಡದ್ದು.

ಈಗ ಚಿಕ್ಕ ಗಾಡಿಯನ್ನು ಒಂದು ಏರಿನ ಮುಂದೆ ನಿಲ್ಲಿಸೋಣ. ಕ್ಯೂಸಿ1ರ ತೂಕ ಹೆಚ್ಚುಕಡಿಮೆ 90 ಕಿಲೋ. ಇಬ್ಬರು ಕೂತರೆ ಇನ್ನೊಂದು 140. ಒಟ್ಟು 230 ಕಿಲೋ. ರಸ್ತೆ ನೂರು ಅಡಿಗೆ ಹನ್ನೆರಡು ಅಡಿ ಏರುತ್ತದೆ ಎನ್ನಿ. ಮಡಿಕೇರಿ ಪೇಟೆಯಲ್ಲೋ ಮಂಗಳೂರಿನ ಗುಡ್ಡದ ಬಡಾವಣೆಗಳಲ್ಲೋ ಇದೇನೂ ಅಪರೂಪವಲ್ಲ. ಭೂಮಿ ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲ 270 ನ್ಯೂಟನ್, ಟೈರಿನ ಉರುಳು ತಡೆ 35. ಸೇರಿ 305. ಚಕ್ರದ ನಡುವಿನಿಂದ ರಸ್ತೆಗೆ ಇರುವ ದೂರ ಸುಮಾರು 22 ಸೆಂಟಿಮೀಟರ್. ಗುಣಿಸಿದರೆ ಬೇಕಾಗುವ ಟಾರ್ಕ್ 67. ಇರುವುದು 77. ಏರುತ್ತದೆ, ಆದರೆ ಕೈಯಲ್ಲಿ ಉಳಿದದ್ದು ತೀರಾ ಕಡಿಮೆ.

ಅದೇ ಏರು ನೂರಕ್ಕೆ ಹದಿನೈದಾದರೆ? ಬೇಕಾದದ್ದು 82. ಅಂದರೆ ನಡುದಿಬ್ಬದಲ್ಲಿ ಆಟೋ ಅಡ್ಡ ಬಂದು ಗಾಡಿ ನಿಂತುಬಿಟ್ಟರೆ ಮತ್ತೆ ಹೊರಡುವುದಿಲ್ಲ. ಹಿಂದೆ ಕೂತವರು ಇಳಿಯಲೇಬೇಕು. ಇಳಿದರೆ ಬೇಕಾದ ಟಾರ್ಕ್ ಐವತ್ತೇಳಕ್ಕೆ ಬಂದು ಗಾಡಿ ಸಲೀಸಾಗಿ ಮೇಲೇರುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಇಷ್ಟು ಕಡಿದಾದ ಏರು ಕಡಿಮೆ ಇದ್ದರೂ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ಪಾರ್ಕಿಂಗಿನಿಂದ ಮೇಲೆ ಬರುವ ಇಳಿಜಾರು ಇದಕ್ಕಿಂತ ಕಡಿದಾಗಿರುವುದುಂಟು. ಪ್ರತಿದಿನ ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡುವವರು ಮೊದಲು ದಾಟಬೇಕಾದ ಪರೀಕ್ಷೆ ಅದೇ.

ಹಾಗಾದರೆ ಹಬ್ ಮೋಟಾರ್ ಎಂದರೆ ದುರ್ಬಲ ಎಂದು ತೀರ್ಪು ಕೊಡಬಹುದೇ? ಕೊಡುವಂತಿಲ್ಲ. ಹೊಸೂರಿನಿಂದ ಬರುವ ಟಿವಿಎಸ್ ಐಕ್ಯೂಬ್ ಕೂಡ ಹಬ್ ಮೋಟಾರಿನದ್ದೇ, ಅದರ ಟಾರ್ಕ್ 140. ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ಅದೂ ಒಂದು. ದೊಡ್ಡ ಹಬ್ ಕಟ್ಟಿದರೆ ದೊಡ್ಡ ಬಲ ಸಿಗುತ್ತದೆ. ಆದರೆ ಗೇರಿನ ನೆರವಿಲ್ಲದೆ ಅಷ್ಟು ಬಲ ತೆಗೆಯಲು ಹೆಚ್ಚು ತಾಮ್ರ, ಹೆಚ್ಚು ಕಬ್ಬಿಣ, ಹೆಚ್ಚು ಆಯಸ್ಕಾಂತ ಬೇಕು. ಮೋಟಾರಿನ ಗಾತ್ರವನ್ನು ತೀರ್ಮಾನಿಸುವುದು ಟಾರ್ಕೇ ಹೊರತು ಕಿಲೋವ್ಯಾಟ್ ಅಲ್ಲ. ಚಿಕ್ಕ ಮೋಟಾರನ್ನು ವೇಗವಾಗಿ ತಿರುಗಿಸಿ ಅದೇ ಕೆಲಸ ತೆಗೆಯುವುದು ಮಿಡ್-ಡ್ರೈವ್‌ನ ಜಾಣತನ.

ಇಲ್ಲಿ ಗಮನವಿಟ್ಟು ನೋಡಬೇಕಾದ್ದು ಶಾಖದ ಲೆಕ್ಕ. ಮೇಲಿನದೇ 230 ಕಿಲೋದ ಗಾಡಿ ಸಮತಟ್ಟು ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಹೋಗಲು ಗಾಳಿಯ ತಡೆಯೂ ಸೇರಿ ಚಕ್ರಕ್ಕೆ ಸುಮಾರು 19 ನ್ಯೂಟನ್ ಮೀಟರ್ ಸಾಕು, ಶಕ್ತಿ ಸಾವಿರ ವ್ಯಾಟ್‌ಗಿಂತ ತುಸು ಕಡಿಮೆ. ಹನ್ನೆರಡರ ಏರಿನಲ್ಲಿ 15 ಕಿ.ಮೀ. ವೇಗದಲ್ಲಿ ಹತ್ತುವಾಗ ಬೇಕಾದ ಶಕ್ತಿ 1270 ವ್ಯಾಟ್, ಅಂದರೆ ಮೂರನೇ ಒಂದು ಭಾಗ ಹೆಚ್ಚು ಅಷ್ಟೇ. ಆದರೆ ಟಾರ್ಕ್ ಮೂರೂವರೆ ಪಟ್ಟು. ಟಾರ್ಕ್ ಹೆಚ್ಚಬೇಕಾದರೆ ಸುರುಳಿಯಲ್ಲಿ ಹರಿಯುವ ಕರೆಂಟು ಅದೇ ಪ್ರಮಾಣದಲ್ಲಿ ಹೆಚ್ಚಬೇಕು. ತಾಮ್ರದಲ್ಲಿ ಹುಟ್ಟುವ ಶಾಖ ಮಾತ್ರ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೂರೂವರೆ ಗುಣಿಸು ಮೂರೂವರೆ, ಹನ್ನೆರಡು ಪಟ್ಟು ಶಾಖ! ಡ್ಯಾಶ್‌ಬೋರ್ಡಿನಲ್ಲಿ ವೇಗ ಕಡಿಮೆ ಕಾಣುತ್ತಿದೆ, ಗಾಡಿಗೆ ಶ್ರಮವಿಲ್ಲ ಎಂದು ಸವಾರ ಅಂದುಕೊಳ್ಳುವ ಹೊತ್ತಿನಲ್ಲೇ ಮೋಟಾರ್ ಒಳಗೊಳಗೆ ಬೇಯುತ್ತಿರುತ್ತದೆ.

ವರ್ಗದ ಈ ನಿಯಮ ಮಿಡ್-ಡ್ರೈವ್‌ಗೂ ಅನ್ವಯಿಸುತ್ತದೆ, ಅದಕ್ಕೇನೂ ವಿನಾಯಿತಿ ಇಲ್ಲ. ವ್ಯತ್ಯಾಸವಿರುವುದು ಆ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ. ಮಿಡ್-ಡ್ರೈವ್‌ನಲ್ಲಿ ಸಾಮಾನ್ಯವಾಗಿ ಸುರುಳಿಗಳು ಹೊರಗಿನ ಅಲ್ಯೂಮಿನಿಯಂ ಕವಚಕ್ಕೆ ಒತ್ತಿಕೊಂಡಿರುತ್ತವೆ, ಕವಚಕ್ಕೆ ಗಾಳಿ ತಾಗುತ್ತದೆ. ಹಬ್‌ನಲ್ಲಿ ಸುರುಳಿಗಳು ಮುಚ್ಚಿದ ಡ್ರಮ್ಮಿನ ನಟ್ಟನಡುವೆ ಇವೆ. ಅಲ್ಲಿಂದ ಶಾಖ ಹೊರಬರಲು ಇರುವ ದಾರಿ ಎರಡೇ: ಒಂದು ಅಚ್ಚು, ಇನ್ನೊಂದು ಸುರುಳಿಗೂ ಆಯಸ್ಕಾಂತಕ್ಕೂ ನಡುವಿನ ಗಾಳಿಯ ಕಿರಿದಾದ ಸಂದು. ಗಾಳಿ ಶಾಖವನ್ನು ಸಾಗಿಸುವುದರಲ್ಲಿ ಬಹಳ ಸೋಮಾರಿ. ಎರಡು ನಿಮಿಷದ ದಿಬ್ಬವಾದರೆ ಹಬ್ ತಡೆದುಕೊಳ್ಳುತ್ತದೆ, ಕಬ್ಬಿಣದ ರಾಶಿಯೇ ಶಾಖವನ್ನು ನುಂಗಿಕೊಳ್ಳುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಟ್ಟಗಳ ಕಷ್ಟ ಬೇರೆ. ಅಲ್ಲಿ ಏರು ಅಷ್ಟು ಕಡಿದಲ್ಲ, ಆದರೆ ಮುಗಿಯುವುದಿಲ್ಲ.

ಮೋಟಾರ್ ಬಿಸಿಯಾಗುತ್ತಿದೆ ಎಂಬುದಕ್ಕೆ ಮೊದಲ ಗುರುತು ಹೊಗೆಯೂ ಅಲ್ಲ, ವಾಸನೆಯೂ ಅಲ್ಲ. ಆ್ಯಕ್ಸಿಲರೇಟರ್ ಪೂರ್ತಿ ತಿರುವಿದ್ದರೂ ವೇಗ ಮೆಲ್ಲಮೆಲ್ಲನೆ ಕುಸಿಯುವುದು, ಅದೇ ದಿಬ್ಬವನ್ನು ಬೆಳಿಗ್ಗೆ ತಂಪಿನಲ್ಲಿ ಹತ್ತಿದ ಗಾಡಿ ಮಧ್ಯಾಹ್ನ ಏದುಸಿರು ಬಿಡುವುದು. ಒಳಗಿನ ಸೆನ್ಸರ್ ನೋಡಿ ಕಂಟ್ರೋಲರ್ ತಾನಾಗಿಯೇ ಕರೆಂಟು ಕಡಿಮೆ ಮಾಡುವುದರ ಫಲ ಇದು. ಹತ್ತು ಹದಿನೈದು ನಿಮಿಷ ನೆರಳಿನಲ್ಲಿ ನಿಲ್ಲಿಸಿದರೆ ಬಲ ಮರಳುತ್ತದೆ. ಹಾಗೆ ಮರಳದೆ, ಸಮತಟ್ಟಿನಲ್ಲೂ ಗಾಡಿಯ ಬಲ ಶಾಶ್ವತವಾಗಿ ಇಳಿದಿದ್ದರೆ ಆಯಸ್ಕಾಂತಗಳು ಅತಿ ಶಾಖಕ್ಕೆ ಸಿಕ್ಕಿ ಸತ್ವ ಕಳೆದುಕೊಂಡಿರುವ ಸಾಧ್ಯತೆ ಇದೆ. ಅದು ರಿಪೇರಿಯಾಗುವ ಕಾಯಿಲೆಯಲ್ಲ, ಮೋಟಾರನ್ನೇ ಬದಲಿಸಬೇಕು.

ಇನ್ನೊಂದು ತೊಂದರೆ ಮೆಕ್ಯಾನಿಕ್‌ಗಳಿಗೆ ಚೆನ್ನಾಗಿ ಪರಿಚಯವಿರುವಂಥದ್ದು. ಗಾಡಿ ಆಫ್ ಇದ್ದಾಗಲೂ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದರೆ ಗಟ್ಟಿಯಾಗಿ, ತಡೆತಡೆದು ತಿರುಗುತ್ತದೆ. ಕಾರಣ ಮೋಟಾರೋ ಕಂಟ್ರೋಲರೋ ಎಂದು ಪತ್ತೆ ಮಾಡಲು ಸುಲಭದ ದಾರಿಯಿದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಮೋಟಾರಿನಿಂದ ಬರುವ ಮೂರು ದಪ್ಪ ವೈರುಗಳನ್ನು ಕಂಟ್ರೋಲರಿನಿಂದ ಬಿಡಿಸಿ, ಒಂದಕ್ಕೊಂದು ತಾಗದಂತೆ ಇಡಬೇಕು. ಈಗ ಚಕ್ರ ಸರಾಗವಾಗಿ ತಿರುಗಿದರೆ ಮೋಟಾರ್ ಸರಿಯಿದೆ, ಕಂಟ್ರೋಲರ್ ಒಳಗೆ ಶಾರ್ಟ್ ಆಗಿದೆ. ಈಗಲೂ ಗಟ್ಟಿಯಾಗಿದ್ದರೆ ಸುರುಳಿಯೋ ಬೇರಿಂಗೋ ಹೋಗಿದೆ. ವಾರಂಟಿ ಇರುವ ಗಾಡಿಯಲ್ಲಿ ಮಾಲೀಕರು ಇದಕ್ಕೆ ಕೈಹಾಕಬಾರದು. ಆದರೆ ವಾರಂಟಿ ಮುಗಿದ ಗಾಡಿಗೆ 'ಮೋಟಾರೇ ಹೋಗಿದೆ' ಎಂದು ಯಾರಾದರೂ ಹೇಳಿದಾಗ ಈ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳುವ ಹಕ್ಕು ಅವರಿಗಿದೆ.

ಹಬ್‌ನ ಪರವಾಗಿ ಹೇಳಬೇಕಾದ ಮಾತೂ ದೊಡ್ಡದೇ. ಅದರಲ್ಲಿ ಸವೆಯುವುದು ಬೇರಿಂಗ್ ಒಂದೇ. ಬೆಲ್ಟಿನ ಕಿರುಚಾಟವಿಲ್ಲ, ಚೈನಿಗೆ ಎಣ್ಣೆ ಹಾಕುವ ಕೆಲಸವಿಲ್ಲ, ಧೂಳಿನ ರಸ್ತೆಯ ಮರಳು ಬೆಲ್ಟಿನ ಹಲ್ಲುಗಳ ನಡುವೆ ಸೇರುವ ಭಯವಿಲ್ಲ. ಮೋಟಾರ್ ಚಕ್ರದೊಳಗೆ ಹೋದದ್ದರಿಂದ ಸೀಟಿನ ಕೆಳಗೆ ಜಾಗ ಸಿಗುತ್ತದೆ. ಬೆಲೆಯೂ ಕಡಿಮೆ. ಓಲಾ ಕಂಪನಿ ತನ್ನ ಅಗ್ಗದ ಎಸ್1 ಏರ್, ಎಸ್1 ಎಕ್ಸ್ ಮಾದರಿಗಳಿಗೆ ಮೊದಲು ಹಬ್ ಮೋಟಾರನ್ನೇ ಆರಿಸಿಕೊಂಡಿತ್ತು. 2025ರ ಜನವರಿಯಲ್ಲಿ ಮೂರನೇ ತಲೆಮಾರಿನ ಗಾಡಿಗಳು ಬಂದಾಗ ಮಾತ್ರ ಎಸ್1 ಎಕ್ಸ್ ಕೂಡ ಮಿಡ್-ಡ್ರೈವ್‌ಗೆ ಹೊರಳಿತು. ಜೊತೆಗೆ ಕಂಪನಿ ತನ್ನ ಮಿಡ್-ಡ್ರೈವ್ ಗಾಡಿಗಳಲ್ಲಿ ಬೆಲ್ಟನ್ನು ಬಿಟ್ಟು ಚೈನಿಗೆ ಬಂತು.

ಹಬ್‌ನ ತೂಕ ಶಾಕ್ ಅಬ್ಸಾರ್ಬರಿನ ಕೆಳಗಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಗುಂಡಿಗೆ ಚಕ್ರ ಬಿದ್ದಾಗ ಆ ಭಾರವೆಲ್ಲ ನೇರವಾಗಿ ರಿಮ್ಮಿನ ಮೇಲೆ ಬೀಳುತ್ತದೆ, ಸವಾರನ ಬೆನ್ನಿಗೂ ತಲುಪುತ್ತದೆ. ಚಕ್ರದ ಪಕ್ಕದಲ್ಲೇ ಮೋಟಾರ್ ಹೊತ್ತ ಆ್ಯಕ್ಟಿವಾ ಇ ಕೂಡ ಈ ಹೊರೆಯಿಂದ ಪೂರ್ತಿ ಪಾರಾಗಿಲ್ಲ. ಚಾಸಿಗೆ ಮೋಟಾರ್ ಕೂರಿಸಿದ ನಿಜವಾದ ಮಿಡ್-ಡ್ರೈವ್‌ಗೆ ಮಾತ್ರ ಆ ಸುಖ. ಪಂಕ್ಚರ್ ಆದಾಗಲೂ ಹಬ್ ಚಕ್ರವನ್ನು ಬಿಚ್ಚುವುದೆಂದರೆ ಅಚ್ಚಿನೊಳಗಿಂದ ಬರುವ ವೈರುಗಳ ಕಟ್ಟನ್ನೇ ಬಿಡಿಸಬೇಕು. ಟ್ಯೂಬ್‌ಲೆಸ್ ಟೈರಿದ್ದರೆ ಚಕ್ರ ಬಿಚ್ಚದೆಯೇ ತೂತು ಮುಚ್ಚಬಹುದು ಎಂಬುದೊಂದು ಸಮಾಧಾನ.

ಈಗ ಬ್ಯಾಟರಿಗೆ ಬರೋಣ. ಹೋಂಡಾದ ಜೋಡಿ ಇಲ್ಲಿಯೂ ಎರಡು ದಾರಿ ಹಿಡಿದಿದೆ. ಕ್ಯೂಸಿ1ರಲ್ಲಿ ಒಂದೂವರೆ ಯೂನಿಟ್ ಕರೆಂಟು ಹಿಡಿಯುವ ಬ್ಯಾಟರಿ ಗಾಡಿಗೇ ಕೂತಿದೆ, ಮನೆಯ ಪ್ಲಗ್ಗಿನಲ್ಲಿ ಚಾರ್ಜ್ ಮಾಡಬೇಕು, ಪೂರ್ತಿ ತುಂಬಲು ಹತ್ತಿರ ಹತ್ತಿರ ಏಳು ಗಂಟೆ. ಆ್ಯಕ್ಟಿವಾ ಇ ಒಳಗೆ ಅಷ್ಟೇ ಹಿಡಿಯುವ ಎರಡು ಬ್ಯಾಟರಿಗಳಿವೆ, ಒಂದೊಂದೂ ಸುಮಾರು ಹತ್ತು ಕಿಲೋ. ಖಾಲಿಯಾದಾಗ ಹೋಂಡಾದ ಬದಲಾವಣೆ ಕೇಂದ್ರಕ್ಕೆ ಹೋಗಿ, ಅವನ್ನು ಎಳೆದು ಗೂಡಿಗೆ ತಳ್ಳಿ, ತುಂಬಿದ ಎರಡನ್ನು ತಂದು ಕೂರಿಸಿದರೆ ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮನೆಯಲ್ಲಿ ಚಾರ್ಜ್ ಮಾಡಲು ಮಾತ್ರ ಬರುವುದಿಲ್ಲ. ಸೀಟಿನ ಕೆಳಗಿನ ಜಾಗವನ್ನೆಲ್ಲ ಆ ಎರಡು ಡಬ್ಬಗಳೇ ನುಂಗಿರುವುದರಿಂದ ಹೆಲ್ಮೆಟ್ ಇಡಲೂ ಸ್ಥಳವಿಲ್ಲ. ಕ್ಯೂಸಿ1ರಲ್ಲಿ 26 ಲೀಟರಿನ ಡಿಕ್ಕಿ ಇದೆ. ತರಕಾರಿ ತರುವವರಿಗೆ ಇದು ಟಾರ್ಕಿಗಿಂತ ದೊಡ್ಡ ವಿಷಯ.

ಬದಲಾಯಿಸುವ ಬ್ಯಾಟರಿ ಯಾರಿಗೆ? ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡುವ ಬ್ಯಾಂಕ್ ಉದ್ಯೋಗಿಯನ್ನು ತೆಗೆದುಕೊಳ್ಳಿ. ಅವರಿಗೆ ದಿನಕ್ಕೆ ಅರ್ಧ ಯೂನಿಟ್ ಸಾಕು. ಚಾರ್ಜರಿನ ನಷ್ಟ ಸೇರಿ ತಿಂಗಳಿಗೆ ಹದಿನೇಳು ಹದಿನೆಂಟು ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ತಿಂಗಳ ಖರ್ಚು 130 ರೂಪಾಯಿ ದಾಟುವುದಿಲ್ಲ. ಹೋಂಡಾದ ಬ್ಯಾಟರಿ ಬದಲಾವಣೆಯ ಮಾಸಿಕ ಯೋಜನೆಯಾದರೆ 2025ರ ಆರಂಭದಲ್ಲಿ ಎರಡು ಸಾವಿರದ ಆಸುಪಾಸಿನಿಂದ ಶುರುವಾಗುತ್ತಿತ್ತು. ಅದರಲ್ಲಿ ಬ್ಯಾಟರಿಯ ಬಾಡಿಗೆಯೂ ಸೇರಿದೆ, ಬ್ಯಾಟರಿ ಮುದಿಯಾದರೆ ಅದರ ಹೊಣೆ ಕಂಪನಿಯದು ಎಂಬುದು ನಿಜ. ಆದರೂ ಕಡಿಮೆ ಓಡಿಸುವವರಿಗೆ, ಮನೆಯಲ್ಲಿ ಪ್ಲಗ್ ಇರುವವರಿಗೆ ಈ ಲೆಕ್ಕ ಕೂಡಿಬರುವುದು ಕಷ್ಟ.

ದಿನಕ್ಕೆ 120 ಕಿಲೋಮೀಟರ್ ಸುತ್ತಿ ಊಟ, ಔಷಧಿ, ದಿನಸಿ ತಲುಪಿಸುವ ಹುಡುಗನ ಲೆಕ್ಕ ತಲೆಕೆಳಗು. ಬಾಡಿಗೆ ಕೋಣೆಯಲ್ಲಿ ನಾಲ್ವರ ಜೊತೆ ಇರುವ ಆತನಿಗೆ ಗಾಡಿ ನಿಲ್ಲಿಸುವ ಜಾಗವೇ ರಸ್ತೆ, ಪ್ಲಗ್ ಎಲ್ಲಿಂದ ಬರಬೇಕು? ಮಧ್ಯಾಹ್ನ ಎರಡು ಗಂಟೆ ಚಾರ್ಜಿಗೆ ಕಾಯ್ದರೆ ಆ ಹೊತ್ತಿನ ಸಂಪಾದನೆ ಹೋಯಿತು. ಬೆಂಗಳೂರಿನ ರಸ್ತೆಗಳಲ್ಲಿ ಇಂಥವರು ಓಡಿಸುವ ಯುಲು ಕಂಪನಿಯ ಡೆಕ್ಸ್ ಗಾಡಿಯನ್ನು ನೋಡಿ. ಗಂಟೆಗೆ 25 ಕಿ.ಮೀ. ಮೀರದ ವೇಗ, ಲೈಸೆನ್ಸ್ ಬೇಡ, ಬದಲಾಯಿಸುವ ಬ್ಯಾಟರಿ, ಚಕ್ರದೊಳಗೆ ಪುಟ್ಟ ಹಬ್ ಮೋಟಾರ್. ದೊಡ್ಡ ಏರಿಲ್ಲದ ಊರು, ಒಬ್ಬನೇ ಸವಾರ, ಕಡಿಮೆ ವೇಗ, ಇಡೀ ದಿನದ ಓಟ. ಹಬ್ ಮೋಟಾರೂ ಬದಲಾಯಿಸುವ ಬ್ಯಾಟರಿಯೂ ಒಂದಕ್ಕೊಂದು ಹೇಳಿಮಾಡಿಸಿದಂತೆ ಕೂಡಿಬಂದಿರುವುದು ಇಲ್ಲಿ.

ಈ ಪದ್ಧತಿಯ ಬಲಹೀನ ಜಾಗ ಬ್ಯಾಟರಿಯ ತಳದಲ್ಲಿದೆ. ಗಾಡಿಗೂ ಬ್ಯಾಟರಿಗೂ ಸಂಪರ್ಕ ಕೊಡುವ ಲೋಹದ ಪಿನ್ನುಗಳು ಪ್ರತಿ ಬಾರಿ ಎಳೆದು ಕೂರಿಸುವಾಗ ಉಜ್ಜಿಕೊಳ್ಳುತ್ತವೆ. 50 ವೋಲ್ಟಿನ ಬ್ಯಾಟರಿಯೊಂದು ವೇಗ ಹಿಡಿಯುವ ಹೊತ್ತಿನಲ್ಲಿ 3 ಕಿಲೋವ್ಯಾಟ್ ಕೊಟ್ಟರೆ ಪಿನ್ನಿನಲ್ಲಿ 60 ಆಂಪಿಯರ್ ಹರಿಯುತ್ತದೆ. ಹೊಸ ಪಿನ್ನಿನ ತಡೆ ಅರ್ಧ ಮಿಲಿಓಮ್ ಎಂದುಕೊಂಡರೆ ಅಲ್ಲಿ ಹುಟ್ಟುವ ಶಾಖ ಎರಡು ವ್ಯಾಟ್ ಕೂಡ ಇಲ್ಲ. ಧೂಳು, ಮಳೆನೀರು, ಸವೆತದಿಂದ ತಡೆ ಐದು ಮಿಲಿಓಮ್‌ಗೆ ಏರಿದರೆ 18 ವ್ಯಾಟ್. ಬೆರಳ ತುದಿಯಷ್ಟು ಜಾಗದಲ್ಲಿ 18 ವ್ಯಾಟ್ ಎಂದರೆ ಪ್ಲಾಸ್ಟಿಕ್ ಕರಗಿಸುವ ಬೆಸುಗೆ ಕಡ್ಡಿಯಷ್ಟು ಶಾಖ. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಹೊರಡುವಾಗ ಗಾಡಿ ಕ್ಷಣಕಾಲ ಸತ್ತು ಬದುಕಿದಂತಾದರೆ, ಆ ಬ್ಯಾಟರಿಯನ್ನು ಗೂಡಿಗೆ ಸುಮ್ಮನೆ ತಳ್ಳದೆ ದೂರು ಕೊಟ್ಟೇ ಬಿಡಬೇಕು. ಇಲ್ಲದಿದ್ದರೆ ಸುಟ್ಟ ಪಿನ್ನು ಮುಂದಿನವರ ಗಾಡಿಯ ಪಿನ್ನನ್ನೂ ಕೆಡಿಸುತ್ತದೆ.

ಬೈಕುಗಳ ವಿಷಯದಲ್ಲಿ ಈ ಪದ್ಧತಿಗೆ ತೂಕವೇ ಗಡಿ ಹಾಕುತ್ತದೆ. ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿ 2019ರಲ್ಲಿ ಎಫ್77 ಬೈಕನ್ನು ಮೊದಲು ತೋರಿಸಿದಾಗ ಅದರ ಬ್ಯಾಟರಿಗಳನ್ನು ಹೊರತೆಗೆಯಬಹುದಿತ್ತು. 2022ರಲ್ಲಿ ಮಾರಾಟಕ್ಕೆ ಬಂದಾಗ ಬ್ಯಾಟರಿ ಚಾಸಿಯೊಳಗೆ ಸ್ಥಿರವಾಗಿ ಕೂತಿತ್ತು, ದೊಡ್ಡ ಮಾದರಿಯಲ್ಲಿ 10.3 ಯೂನಿಟ್. ಹತ್ತು ಕಿಲೋಗೆ ಒಂದೂವರೆ ಯೂನಿಟ್ ಎಂಬ ಹೋಂಡಾ ಲೆಕ್ಕದಲ್ಲಿ ಅದನ್ನು ಬಿಡಿಸಿದರೆ ಏಳು ಡಬ್ಬ, ಎಪ್ಪತ್ತು ಕಿಲೋ. ಬದಲಾವಣೆ ಕೇಂದ್ರದಲ್ಲಿ ನಿಂತು ಏಳು ಬಾರಿ ಎತ್ತಿ ಇಳಿಸಲು ಯಾರಿಗೆ ಆಗುತ್ತದೆ? ವೇಗದ ಬೈಕಿಗೆ ಮಿಡ್-ಡ್ರೈವ್ ಮೋಟಾರೂ ಸ್ಥಿರ ಬ್ಯಾಟರಿಯೂ ಜೊತೆಯಾಗಿ ಬಂದಿರುವುದರ ಹಿಂದೆ ಈ ಸರಳ ಕಾರಣವೂ ಇದೆ.

ಕೊಳ್ಳಲು ಹೊರಟವರು ಶೋರೂಮಿನ ಮುಂದಿನ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹಾಕಿ ತೃಪ್ತರಾಗಬೇಡಿ. ಟೆಸ್ಟ್ ರೈಡ್ ಗಾಡಿಯನ್ನು ನಿಮ್ಮ ಮನೆಯ ಹತ್ತಿರದ ಅತಿ ಕಡಿದಾದ ಏರಿಗೆ ತನ್ನಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ನಡುದಿಬ್ಬದಲ್ಲಿ ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿ. ಮಾಹಿತಿ ಪತ್ರದಲ್ಲಿರುವ ಟಾರ್ಕ್ ಮೋಟಾರಿನದೋ ಚಕ್ರದ್ದೋ ಎಂದು ಕೇಳಿ, ಉತ್ತರ ಬರುವವರೆಗೆ ಬಿಡಬೇಡಿ. ಬದಲಾಯಿಸುವ ಬ್ಯಾಟರಿಯ ಗಾಡಿಯಾದರೆ ಮುಂಗಡ ಕೊಡುವ ಮುನ್ನ ಒಂದು ಸಂಜೆ ಏಳು ಗಂಟೆಗೆ, ಇನ್ನೊಂದು ದಿನ ರಾತ್ರಿ ಹತ್ತಕ್ಕೆ ಹತ್ತಿರದ ಕೇಂದ್ರಕ್ಕೆ ನೀವೇ ಹೋಗಿ, ಅಲ್ಲಿ ಎಷ್ಟು ಗೂಡುಗಳಲ್ಲಿ ತುಂಬಿದ ಬ್ಯಾಟರಿಗಳಿವೆ ಎಂದು ಎಣಿಸಿ ಬನ್ನಿ.